ನಲವತ್ತೆರಡು ಕೈ, ಒಂದೇ ನೋಟ್ಸ್



ನವೆಂಬರ್ ಬಂತೆಂದರೆ ನಿಮ್ಮಲ್ಲಿ ಅರ್ಧ ಜನ ಸಂಘದ ಕಾರ್ಯಕ್ರಮಗಳಿಗೆ ಬರುವುದಿಲ್ಲ. ಕೇಳಿದರೆ "ಸೆಮಿಸ್ಟರ್ ಎಕ್ಸಾಂ ಆಂಟಿ" ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ಈ ತಿಂಗಳ ಅಂಕಣ ನಿಮ್ಮ ಪರೀಕ್ಷೆಯ ಬಗ್ಗೆಯೇ ಇರಲಿ. ಹೇಗೆ ಓದಬೇಕು, ಎಷ್ಟು ಗಂಟೆಗೆ ಏಳಬೇಕು ಎಂಬ ಉಪದೇಶ ನಿಮ್ಮ ಮನೆಯಲ್ಲೇ ಸಾಕಷ್ಟು ಸಿಗುತ್ತದೆ. ನಾನು ಹೇಳಹೊರಟಿರುವುದು ಬೇರೆ. ತರಗತಿಯವರೆಲ್ಲ ಸೇರಿ ಒಂದೇ ಕಡೆ ನೋಟ್ಸ್ ಬರೆದಿಡುವ ಪದ್ಧತಿ ಈಗ ಎಲ್ಲ ಕಾಲೇಜುಗಳಲ್ಲೂ ಇದೆಯಷ್ಟೆ? ಆ ನೋಟ್ಸಿಗೆ ಯಾರು, ಏನನ್ನು, ಯಾವಾಗ, ಹೇಗೆ ಸೇರಿಸಬೇಕು ಎಂದು ಸಹಪಾಠಿಗಳಿಗೆ ಒಂದು ಸಂದೇಶ ಬರೆಯುವುದು ಹೇಗೆ ಎಂಬುದೇ ಈ ಸಲದ ವಿಷಯ. ಕನ್ನಡ ಓದುವುದು ನಿಧಾನವಾದರೆ ಅವಸರ ಬೇಡ, ಎರಡು ದಿನ ತೆಗೆದುಕೊಂಡು ಓದಿ.

ನಮ್ಮ ಅಣ್ಣನ ಮಗಳು ಎಣ್ಣೂರಿನಲ್ಲಿದ್ದಾಳೆ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಓದುತ್ತಿದ್ದಾಳೆ. ನಾನು ಓದಿದ್ದೂ ಅದೇ ಆದ್ದರಿಂದ ಪರೀಕ್ಷೆ ಬಂದಾಗಲೆಲ್ಲ "ಅತ್ತೆ" ಎಂದು ಫೋನು ಬರುತ್ತದೆ. ಅವಳ ತರಗತಿಯಲ್ಲಿ ನಲವತ್ತೆರಡು ಮಂದಿ. ಎಣ್ಣೂರು, ಕತ್ತಿವಾಕ್ಕಂ, ತಿರುವೊತ್ತಿಯೂರು ಕಡೆಯವರು ಕೆಲವರು, ಮೀಂಜೂರು, ಪೊನ್ನೇರಿಯಿಂದ ಗುಮ್ಮಿಡಿಪೂಂಡಿ ರೈಲು ಹತ್ತಿ ಬರುವವರು ಕೆಲವರು. ಮನೆಮಾತು ತಮಿಳು, ತೆಲುಗು, ಉರ್ದು, ಕನ್ನಡ ಇವಳದೊಂದೇ. ಹೋದ ವರ್ಷ ಇವರೆಲ್ಲ ಸೇರಿ ರೊಮ್ಯಾಂಟಿಕ್ ಯುಗದ ಪೇಪರಿಗೆ ಒಂದು ಗೂಗಲ್ ಡಾಕ್ ಮಾಡಿಕೊಂಡರು. ಮಾಡಿದವಳು ನಮ್ಮ ಹುಡುಗಿಯೇ. ವಾಟ್ಸಾಪ್ ಗುಂಪಿಗೆ ಅವಳು ಹಾಕಿದ ಸಂದೇಶ ಎರಡೇ ಸಾಲು: "ಎಲ್ಲರೂ ಇದರಲ್ಲಿ ನೋಟ್ಸ್ ಹಾಕಿ. ಪ್ಲೀಸ್, ಬೇಗ." ಕೆಳಗೆ ಲಿಂಕು. ಲಿಂಕು ಸಿಕ್ಕವರೆಲ್ಲ ಬರೆಯಬಹುದು, ಅಳಿಸಬಹುದು. Share ಒತ್ತಿದಾಗ ಕಾಣುವ "Anyone with the link" ಎಂಬುದನ್ನು ಆರಿಸಿ, ಅದರ ಪಕ್ಕದಲ್ಲಿ Editor ಎಂದು ಇಟ್ಟಿದ್ದಳು.

ಮೊದಲ ವಾರ ಬಹಳ ಚೆನ್ನಾಗಿ ನಡೆಯಿತು. ಮೂವತ್ತು ಪುಟ ತುಂಬಿತು. ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಮುಂದೆ ಬಂದ ನಿಯಮಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಆ ಪೇಪರಿನಲ್ಲಿ ವರ್ಡ್ಸ್‌ವರ್ತ್ ಕವಿಯ ಮುನ್ನುಡಿಯೊಂದು ಪಾಠಕ್ಕಿದೆ. 'ಲಿರಿಕಲ್ ಬ್ಯಾಲಡ್ಸ್' ಎಂಬ ಕವನಸಂಗ್ರಹಕ್ಕೆ ಬರೆದ ಮುನ್ನುಡಿ. ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಇದು ತಪ್ಪದು. ನಮ್ಮ ಕಾಲದಲ್ಲೂ ಇತ್ತು. ಎರಡು ಅಂಕದ ಪ್ರಶ್ನೆ: ಈ ಮುನ್ನುಡಿ ಯಾವ ವರ್ಷದ್ದು? ಡಾಕಿನಲ್ಲಿ ಯಾರೋ 1800 ಎಂದು ಬರೆದಿದ್ದರು. ಎರಡು ದಿನ ಬಿಟ್ಟು ಇನ್ನೊಬ್ಬರು ಅದನ್ನು ಅಳಿಸಿ 1798 ಎಂದರು. ಮತ್ತೊಬ್ಬರು ಅದನ್ನೂ ಅಳಿಸಿ 1802 ಎಂದು ಹಾಕಿದರು. ಕೊನೆಗೆ ಯಾರೋ ಮತ್ತೆ 1798ಕ್ಕೆ ತಂದು ನಿಲ್ಲಿಸಿದರು.

ಇದರಲ್ಲಿ ತಮಾಷೆಯೆಂದರೆ ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ಆ ಪುಸ್ತಕವನ್ನು ಮೊದಲು ಹೊರತಂದದ್ದು 1798ರಲ್ಲಿ. ಆಗ ಪುಸ್ತಕದ ಮೇಲೆ ಇಬ್ಬರ ಹೆಸರೂ ಇರಲಿಲ್ಲ, ಮೊದಲಲ್ಲಿ ಒಂದು ಚಿಕ್ಕ ಪ್ರಕಟಣೆಯಷ್ಟೇ ಇತ್ತು. ನಾವು ಓದುವ ದೊಡ್ಡ ಮುನ್ನುಡಿ ಬಂದದ್ದು ಎರಡನೆಯ ಮುದ್ರಣಕ್ಕೆ, ಅಂದರೆ 1800ರ ಎರಡು ಸಂಪುಟಗಳ ಪುಸ್ತಕಕ್ಕೆ. ಆಮೇಲೆ 1802ರ ಮುದ್ರಣದಲ್ಲಿ ಅದನ್ನು ಬೆಳೆಸಿದರು. ಕವಿ ಎಂದರೆ ಯಾರು ಎಂದು ಕೇಳಿಕೊಂಡು ಉತ್ತರಿಸುವ ಭಾಗ ಸೇರಿದ್ದು ಆಗ. ಗೈಡಿನಲ್ಲಿ ಪುಸ್ತಕದ ವರ್ಷ ನೋಡಿದವರು 1798 ಎಂದರು, ಪಠ್ಯಪುಸ್ತಕದಲ್ಲಿ ಅಚ್ಚಾದ ಪಾಠದ ಅಡಿಯಲ್ಲಿ 1802 ನೋಡಿದವರು ಅದನ್ನೇ ಹಾಕಿದರು. ಎಲ್ಲಿ ನೋಡಿದೆ ಎಂದು ಒಬ್ಬರೂ ಬರೆದಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಹಿಂದಿನವರು ಬರೆದದ್ದು ಕಣ್ತಪ್ಪಿನಿಂದ ಬಿದ್ದ ಅಂಕಿಯಂತೆ ಕಂಡಿತು, ತಿದ್ದಿ ಉಪಕಾರ ಮಾಡಿದೆವು ಎಂದುಕೊಂಡರು.

ನಡುವೆ ಇಂಟರ್ನಲ್ ಪರೀಕ್ಷೆ ಬಂತು. ಪೊನ್ನೇರಿಯಿಂದ ಬರುವ ಒಬ್ಬ ಹುಡುಗಿಯ ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪ ಕೆಲಸಕ್ಕೆ ತೆಗೆದುಕೊಂಡು ಹೋಗುತ್ತಾರೆ. ಅವಳು ಗೆಳತಿಯೊಬ್ಬಳ ಫೋನಿನಿಂದ ಡಾಕನ್ನು ಅಚ್ಚು ಹಾಕಿಸಿ, ಜೆರಾಕ್ಸ್ ಅಂಗಡಿಯಲ್ಲಿ ಹೊಲಿಸಿ, ಅದನ್ನೇ ಓದಿದ್ದಳು. ಅಚ್ಚಾದ ದಿನ ಅಲ್ಲಿದ್ದದ್ದು 1798. ಅದನ್ನೇ ಬರೆದಳು, ಎರಡು ಅಂಕ ಹೋಯಿತು. ಅಂಕ ಹೋದದ್ದು ಅಷ್ಟು ದೊಡ್ಡದಲ್ಲ. ತಪ್ಪು ಉತ್ತರ ಬರೆದವರು ಹದಿನೇಳು ಮಂದಿ ಎಂದು ಗೊತ್ತಾದಾಗ "ಯಾರು ಬದಲಾಯಿಸಿದ್ದು?" ಎಂದು ಗುಂಪಿನಲ್ಲಿ ಕೂಗಾಟ ಆರಂಭವಾಯಿತು. ತಿರುವೊತ್ತಿಯೂರಿನ ಒಬ್ಬ ಹುಡುಗನ ಮೇಲೆ ಎಲ್ಲರ ಬೆರಳು ಹೋಯಿತು. ಅವನು ಚೆನ್ನಾಗಿ ಓದುವವನು, ತಾನು ಮಾತ್ರ 1800 ಎಂದು ಬರೆದು ಪೂರ್ತಿ ಅಂಕ ಪಡೆದಿದ್ದ. "ತಾನು ಸರಿ ಬರೆದು ನಮಗೆ ಬೇಕೆಂದೇ ತಪ್ಪು ಹಾಕಿದ" ಎಂದರು. ಹುಡುಗ ಗುಂಪು ಬಿಟ್ಟುಹೋದ. ತರಗತಿಯಲ್ಲೂ ಹಿಂದಿನ ಬೆಂಚಿಗೆ ಹೋಗಿ ಕುಳಿತ.

ನಮ್ಮ ಹುಡುಗಿ ಫೋನು ಮಾಡಿದ್ದು ಆಗಲೇ. ನಾನು ಕೇಳಿದ ಮೊದಲ ಪ್ರಶ್ನೆ, "ಹಳೆಯ ಪ್ರತಿ ನೋಡಿದೆಯಾ?" ಗೂಗಲ್ ಡಾಕ್ ತಾನು ಕಂಡ ಬದಲಾವಣೆಗಳನ್ನೆಲ್ಲ ಇಟ್ಟುಕೊಳ್ಳುತ್ತದೆ ಮಕ್ಕಳೇ. ಕಂಪ್ಯೂಟರಿನಲ್ಲಿ ತೆರೆದು File, ಅದರೊಳಗೆ Version history, ಅದರೊಳಗೆ "See version history" ಒತ್ತಿದರೆ ಬಲಗಡೆ ದಿನಾಂಕಗಳ ಸಾಲು ಬರುತ್ತದೆ. ಪ್ರತಿ ದಿನಾಂಕದ ಕೆಳಗೆ ಬರೆದವರ ಹೆಸರು, ಒಬ್ಬೊಬ್ಬರದಕ್ಕೂ ಒಂದೊಂದು ಬಣ್ಣ. ಇಬ್ಬರೂ ಫೋನು ಹಿಡಿದುಕೊಂಡೇ ನೋಡಿದೆವು. 1800 ಎಂದು ಮೊದಲು ಬರೆದವನೇ ಆ ಹುಡುಗ! 1798 ಎಂದು ಬದಲಾಯಿಸಿದ್ದು ಯಾರೆಂದು ಮಾತ್ರ ತಿಳಿಯಲಿಲ್ಲ, ಅಲ್ಲಿ ಹೆಸರೇ ಇರಲಿಲ್ಲ. ಲಿಂಕು ಇದ್ದವರೆಲ್ಲ ಬರೆಯಬಹುದೆಂದು ಬಿಟ್ಟರೆ ತಮ್ಮ ಜೀಮೇಲಿಗೆ ಸೈನ್ ಇನ್ ಆಗದವರೂ ಒಳಗೆ ಬಂದು ಬರೆದು ಹೋಗಬಹುದು. ಅಂಥವರ ಹೆಸರು ಅಲ್ಲಿ ದಾಖಲಾಗುವುದಿಲ್ಲ. ತರಗತಿಯವರೋ, ಹೊರಗಿನವರೋ ಅದೂ ಗೊತ್ತಾಗಲಿಲ್ಲ. ಆ ಪುಟದ ಚಿತ್ರವನ್ನು ಗುಂಪಿಗೆ ಹಾಕಿ, ಅವನ ಮನೆಗೆ ಇಬ್ಬರು ಹೋಗಿ ಮಾತನಾಡಿಸಿ ಬಂದ ಮೇಲೆ ಹುಡುಗ ಮತ್ತೆ ಬಂದ.

ಸೆಮಿಸ್ಟರಿಗೆ ಆಗ ಆರು ವಾರ ಉಳಿದಿತ್ತು. ಡಾಕ್ ಬೇಡವೇ ಬೇಡ ಎಂದರು ಕೆಲವರು. ನಮ್ಮ ಹುಡುಗಿಗೆ ಬಿಡಲು ಮನಸ್ಸಿಲ್ಲ. ಹೊಸದಾಗಿ ಒಂದು ಸಂದೇಶ ಬರೆದು ನನಗೆ ಓದಿ ಹೇಳಿದಳು. "ದಯವಿಟ್ಟು ಜವಾಬ್ದಾರಿಯಿಂದ ಬರೆಯಿರಿ, ಇನ್ನೊಬ್ಬರದನ್ನು ಗೌರವಿಸಿ, ತಪ್ಪು ಮಾಹಿತಿ ಹಾಕಬೇಡಿ" ಎಂದೆಲ್ಲ ಇತ್ತು. ಇದು ಸಂಘದ ವಾರ್ಷಿಕ ಸಭೆಯ ಸ್ವಾಗತ ಭಾಷಣದಂತಿದೆ ಎಂದೆ, ಕೋಪ ಮಾಡಿಕೊಂಡಳು. ಆದರೆ ನೋಡಿ, ತಪ್ಪು ಮಾಹಿತಿ ಹಾಕಬೇಕೆಂದು ಯಾರೂ ಹಾಕಿರಲಿಲ್ಲವಲ್ಲ. 1798 ಎಂದು ತಿದ್ದಿದವರು ಈ ಸಂದೇಶವನ್ನು ಮೊದಲೇ ಓದಿದ್ದರೂ ಹಾಗೆಯೇ ತಿದ್ದುತ್ತಿದ್ದರು, ಜವಾಬ್ದಾರಿಯಿಂದಲೇ ತಿದ್ದುತ್ತಿದ್ದರು. ಸಂದೇಶದಲ್ಲಿ ಗುಣವಿಶೇಷಗಳು ಬೇಡ, ಕೈ ಏನು ಮಾಡಬೇಕೋ ಅದು ಇರಬೇಕು: ಎಲ್ಲಿ ಬರೆಯಬೇಕು, ಅಡಿಯಲ್ಲಿ ಏನು ಸೇರಿಸಬೇಕು, ಭಿನ್ನಾಭಿಪ್ರಾಯ ಬಂದರೆ ಯಾವ ಗುಂಡಿ ಒತ್ತಬೇಕು, ಯಾವ ದಿನ ಎಷ್ಟು ಗಂಟೆಗೆ ನಿಲ್ಲಿಸಬೇಕು.

ಮೂರು ಸಲ ತಿದ್ದಿ ಕೊನೆಗೆ ಹೋದ ಸಂದೇಶವನ್ನು ಕೆಳಗೆ ಕೊಡುತ್ತೇನೆ. ಅವಳು ಕಳಿಸಿದ್ದು ಸುಲಭ ಇಂಗ್ಲಿಷಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

"ಗೆಳೆಯರೇ, ರೊಮ್ಯಾಂಟಿಕ್ ಯುಗದ ಪೇಪರಿಗೆ ಹೊಸ ಡಾಕ್ ತೆರೆದಿದ್ದೇನೆ. ಹಳೆಯದನ್ನು ಯಾರೂ ಓದಬೇಡಿ, ಅದರಲ್ಲಿ ತಪ್ಪುಗಳಿವೆ. ಪರೀಕ್ಷೆ ಸೋಮವಾರ ಬೆಳಗ್ಗೆ. ಹಿಂದಿನ ಗುರುವಾರ ರಾತ್ರಿ 9 ಗಂಟೆಯವರೆಗೆ ಮಾತ್ರ ಹೊಸದನ್ನು ಸೇರಿಸಬಹುದು.

ಐದು ಯೂನಿಟ್‌ಗೆ ಐದು ತಲೆಬರಹ ಇದೆ. ಒಂದೊಂದು ಯೂನಿಟ್‌ಗೂ ಇಬ್ಬರು ಕಾವಲಿದ್ದಾರೆ, ಅವರ ಹೆಸರು ತಲೆಬರಹದ ಕೆಳಗಿದೆ. ಆ ಇಬ್ಬರು ಮಾತ್ರ ನೇರವಾಗಿ ಬರೆಯಬಲ್ಲರು. ಉಳಿದವರು ಬರೆದದ್ದು ಸಲಹೆಯಾಗಿ ಬಣ್ಣದಲ್ಲಿ ಕಾಣುತ್ತದೆ, ಕಾವಲಿನವರು ನೋಡಿ ಒಪ್ಪಿದ ಮೇಲೆ ಸೇರುತ್ತದೆ. ನಿಮ್ಮ ಜೀಮೇಲಿನಿಂದ ಸೈನ್ ಇನ್ ಆಗಿಯೇ ಬರೆಯಿರಿ. ಹೆಸರಿಲ್ಲದ ಸಲಹೆಯನ್ನು ಸೇರಿಸುವುದಿಲ್ಲ.

ನೀವು ಸೇರಿಸುವ ಪ್ರತಿ ಅಂಶದ ಕೊನೆಯಲ್ಲಿ ಅದು ಎಲ್ಲಿಂದ ಬಂತು ಎಂದು ಬರೆಯಿರಿ: ಪುಸ್ತಕದ ಹೆಸರು ಮತ್ತು ಪುಟ, ಇಲ್ಲವೇ ಯಾವ ದಿನದ ತರಗತಿ. ನೆನಪಿನಿಂದ ಬರೆದಿದ್ದರೆ 'ನೆನಪು' ಎಂದೇ ಬರೆಯಿರಿ, ತಪ್ಪೇನಿಲ್ಲ, ಇನ್ನೊಬ್ಬರು ಹುಡುಕುತ್ತಾರೆ.

ಇನ್ನೊಬ್ಬರ ಸಾಲು ತಪ್ಪೆನಿಸಿದರೆ ಅಳಿಸಬೇಡಿ. ಆ ಸಾಲಿನ ಮೇಲೆ ಕಾಮೆಂಟ್ ಹಾಕಿ, ನೀವು ನೋಡಿದ ಪುಟವನ್ನೂ ಹೇಳಿ.

ಪೂರ್ತಿ ಉತ್ತರ ಬರೆಯಬೇಡಿ, ಅಂಶಗಳನ್ನು ಬರೆಯಿರಿ. ಪುಸ್ತಕದ ಪುಟಗಳ ಫೋಟೋ ಹಾಕಬೇಡಿ. ಈ ಸಲ ಯಾವ ಪ್ರಶ್ನೆ ಬರಬಹುದು ಎಂಬ ಊಹೆಗಳಿಗೆ ಕೊನೆಯಲ್ಲಿ ಬೇರೆ ಪುಟವಿದೆ, ಅಲ್ಲಿ ಮಾತ್ರ ಹಾಕಿ.

ಶುಕ್ರವಾರ ಕಾವಲಿನವರು ತಮ್ಮದಲ್ಲದ ಇನ್ನೊಂದು ಯೂನಿಟ್ ಓದಿ ನೋಡುತ್ತಾರೆ. ಶುಕ್ರವಾರ ರಾತ್ರಿ 9ಕ್ಕೆ ಡಾಕ್ ಮುಚ್ಚಿ, ಪಿ.ಡಿ.ಎಫ್. ಇದೇ ಗುಂಪಿಗೆ ಬರುತ್ತದೆ. ಶನಿವಾರ ಬೆಳಗ್ಗೆ ಹತ್ತು ಪ್ರತಿ ಅಚ್ಚು ಹಾಕಿಸುತ್ತೇವೆ, ಬೇಕಾದವರು ಗುರುವಾರದೊಳಗೆ ನನಗೆ ಹೇಳಿ. ಆಮೇಲೆ ತಪ್ಪು ಕಂಡರೆ ಡಾಕ್ ತಿದ್ದುವುದಿಲ್ಲ. 'ತಿದ್ದುಪಡಿ' ಎಂದು ಆರಂಭಿಸಿ, ಪುಟದ ಸಂಖ್ಯೆಯೊಂದಿಗೆ ಇಲ್ಲಿಗೇ ಕಳಿಸುತ್ತೇವೆ."

ಇಷ್ಟೇ. ಓದಲು ಎರಡು ನಿಮಿಷ ಸಾಕು. ಇದರಲ್ಲಿ ಕೆಲವು ಮಾತುಗಳ ಹಿಂದಿನ ಕಾರಣ ಹೇಳಬೇಕು. ಕಾರಣ ತಿಳಿಯದೆ ನಕಲು ಮಾಡಿದರೆ ನಿಮ್ಮ ತರಗತಿಗೆ ಹೊಂದದೆ ಹೋಗಬಹುದು.

ಮೊದಲನೆಯದು ಕಾವಲಿನ ವಿಚಾರ. ನಮ್ಮ ಮನೆಗಳಲ್ಲಿ ಹಬ್ಬದ ಅಡುಗೆಗೆ ನಾಲ್ಕೈದು ಹೆಂಗಸರು ನಿಂತರೆ ಸಾರಿನ ಪಾತ್ರೆಯ ಹತ್ತಿರ ಬಂದವರೆಲ್ಲ ಕೇಳುವ ಮಾತು ಒಂದೇ: "ಉಪ್ಪು ಹಾಕಿದ್ದೀರಾ?" ಹಾಕುವವರು ಒಬ್ಬರೆಂದು ಗೊತ್ತಿರುವುದರಿಂದ ಉಳಿದವರು ಕೇಳುತ್ತಾರೆ, ಹಾಕುವುದಿಲ್ಲ. ಡಾಕಿನಲ್ಲೂ ಅದೇ ಏರ್ಪಾಡು. Share ಪುಟದಲ್ಲಿ ಲಿಂಕು ಇದ್ದವರಿಗೆಲ್ಲ Commenter ಎಂಬ ಸ್ಥಾನ ಕೊಡಬೇಕು. ಹತ್ತು ಮಂದಿ ಕಾವಲಿನವರನ್ನು ಅವರವರ ಇ-ಮೇಲ್ ಹಾಕಿ Editor ಎಂದು ಬೇರೆಯಾಗಿ ಸೇರಿಸಬೇಕು. Commenter ಆದವರು ಸಾಲಿನ ನಡುವೆ ಟೈಪ್ ಮಾಡಿದರೂ ಅದು ಸಲಹೆಯಾಗಿಯೇ ನಿಲ್ಲುತ್ತದೆ, ಮೂಲ ಅಳಿಯುವುದಿಲ್ಲ. ಕಾವಲಿನವರು ಪಕ್ಕದಲ್ಲಿರುವ ಸರಿ ಗುರುತು ಒತ್ತಿದರೆ ಸೇರುತ್ತದೆ, ಅಡ್ಡಗುರುತು ಒತ್ತಿದರೆ ಹೋಗುತ್ತದೆ. Share ಪುಟದ ಮೇಲಿರುವ ಚಕ್ರದ ಗುರುತು ಒತ್ತಿ, Editor ಆದವರು ಇನ್ನೊಬ್ಬರಿಗೆ ಅನುಮತಿ ಕೊಡಬಹುದೆಂಬ ಸಾಲಿನ ಗುರುತನ್ನು ತೆಗೆದುಬಿಟ್ಟರೆ ಬಾಗಿಲ ಕೀಲಿ ಡಾಕ್ ತೆರೆದವರ ಕೈಯಲ್ಲೇ ಉಳಿಯುತ್ತದೆ. ಒಬ್ಬರಲ್ಲ, ಇಬ್ಬರು ಕಾವಲು ಯಾಕೆಂದರೆ ಒಬ್ಬರಿಗೆ ಜ್ವರ ಬಂದರೆ ಆ ಯೂನಿಟ್ ಅಲ್ಲೇ ನಿಲ್ಲಬಾರದು. ತಿರುವೊತ್ತಿಯೂರಿನ ಹುಡುಗನಿಗೆ ಗದ್ಯದ ಯೂನಿಟ್ ಕೊಟ್ಟರು. ಅದು ನನಗೆ ಬಹಳ ಇಷ್ಟವಾಯಿತು.

ಈ ಏರ್ಪಾಡಿಗೂ ಒಂದು ತೊಂದರೆಯಿದೆ. ಕಾವಲಿನವರು ನಾಲ್ಕು ದಿನ ಡಾಕ್ ತೆರೆಯದಿದ್ದರೆ ಸಲಹೆಗಳು ರಾಶಿ ಬೀಳುತ್ತವೆ, ಬರೆದವರಿಗೆ ಬೇಸರವಾಗಿ ಬರೆಯುವುದನ್ನೇ ಬಿಡುತ್ತಾರೆ. ಒಂದು ಯೂನಿಟ್‌ನಲ್ಲಿ ಬಣ್ಣದ ಸಾಲುಗಳೇ ಹೆಚ್ಚಾಗಿ ಕಂಡರೆ ಅಲ್ಲಿ ಕಾವಲು ಮಲಗಿದೆ ಎಂದು ತಿಳಿಯಿರಿ. ನಮ್ಮ ಹುಡುಗಿ ದಿನವೂ ಎಣ್ಣೂರಿನಲ್ಲಿ ರೈಲು ಹತ್ತಿದ ಕೂಡಲೇ ಐದೂ ಯೂನಿಟ್ ಒಮ್ಮೆ ಸರಿಸಿ ನೋಡುತ್ತಿದ್ದಳು. ಎರಡನೆಯ ಯೂನಿಟ್‌ನವರಿಗೆ ಎರಡು ಸಲ ಫೋನು ಮಾಡಬೇಕಾಯಿತಂತೆ.

ಇನ್ನು 'ಎಲ್ಲಿಂದ ಬಂತು' ಎಂಬ ಸಾಲು. ಮಕ್ಕಳು ಹೆಚ್ಚು ಗೊಣಗಿದ್ದು ಇದಕ್ಕೇ, ಆದರೆ ಜಗಳ ತಪ್ಪಿಸಿದ್ದೂ ಇದೇ. ಹೊಸ ಡಾಕಿನಲ್ಲಿ ಮುನ್ನುಡಿಯ ವರ್ಷದ ಪ್ರಶ್ನೆ ಮತ್ತೆ ಬಂತು ಎನ್ನಿ. ಈ ಸಲ 1800 ಎಂದು ಬರೆದು ಪಕ್ಕದಲ್ಲಿ ತರಗತಿಯ ದಿನಾಂಕ ಹಾಕಿದ್ದರು. ಒಬ್ಬಳು ಕಾಮೆಂಟ್ ಹಾಕಿದಳು: "ಪಠ್ಯಪುಸ್ತಕದ ಪಾಠದ ಅಡಿಯಲ್ಲಿ 1802 ಇದೆ." ಎರಡೂ ಪಕ್ಕಪಕ್ಕದಲ್ಲಿ ಕಂಡಾಗ ಕಾವಲಿನವರಿಗೆ ಒಂದನ್ನು ಹೊಡೆದುಹಾಕುವ ಯೋಚನೆ ಬರಲಿಲ್ಲ, ಎರಡೂ ಹೇಗೆ ಇರಲು ಸಾಧ್ಯ ಎಂದು ಪುಸ್ತಕ ತೆಗೆದು ನೋಡಿದರು. ಕೊನೆಗೆ ಡಾಕಿನಲ್ಲಿ ನಿಂತದ್ದು ಮೂರು ಚಿಕ್ಕ ಸಾಲು: ಪುಸ್ತಕ 1798, ಮುನ್ನುಡಿ 1800, ಬೆಳೆಸಿದ ಮುನ್ನುಡಿ 1802. ಎರಡು ಅಂಕದ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಇದರಲ್ಲಿ ಉತ್ತರವಿದೆ. ನನ್ನ ಅನುಭವದಲ್ಲಿ ಇತಿಹಾಸ, ಸಾಹಿತ್ಯ, ಕಾನೂನು ಇಂಥ ವಿಷಯಗಳಲ್ಲಿ ನೋಟ್ಸಿನ ಜಗಳಗಳಲ್ಲಿ ಹೆಚ್ಚಿನವು ಹೀಗೆಯೇ; ಇಬ್ಬರ ಪ್ರಶ್ನೆಯೂ ಬೇರೆ ಬೇರೆ ಇರುತ್ತದೆ. ಗಣಿತದಲ್ಲಿ ಹಾಗಲ್ಲ, ಅಲ್ಲಿ ಒಂದು ತಪ್ಪಾಗಿಯೇ ಇರುತ್ತದೆ. ಆದರೂ ಯಾವ ಪುಟದಿಂದ ಬರೆದದ್ದು ಎಂದಿದ್ದರೆ ತಪ್ಪನ್ನು ಹಿಡಿಯುವುದು ಸುಲಭ.

ಪೂರ್ತಿ ಉತ್ತರ ಬೇಡ ಎಂದದ್ದಕ್ಕೆ ಕಾರಣ ಪೇಪರ್ ತಿದ್ದುವವರು. ಒಬ್ಬರು ಚಂದವಾಗಿ ಒಂದು ಪುಟದ ಉತ್ತರ ಬರೆದು ಹಾಕಿದರೆ ಮೂವತ್ತು ಮಂದಿ ಅದನ್ನೇ ಬಾಯಿಪಾಠ ಮಾಡುತ್ತಾರೆ. ತಿದ್ದುವವರಿಗೆ ಒಂದೇ ಕಟ್ಟಿನಲ್ಲಿ ಮೂವತ್ತು ಸಲ ಅದೇ ವಾಕ್ಯ, ಅದೇ ಹೋಲಿಕೆ, ಅದೇ ತಪ್ಪು ಕಾಣುತ್ತದೆ. ಅವರಿಗೆ ಏನನಿಸಬಹುದು, ನೀವೇ ಹೇಳಿ. ಅದಕ್ಕೇ ಡಾಕಿನಲ್ಲಿ ಮುನ್ನುಡಿಯ ದೊಡ್ಡ ಪ್ರಶ್ನೆಗೆ ಹೀಗಷ್ಟೇ ಇತ್ತು: ಸಾಮಾನ್ಯರ, ಹಳ್ಳಿಯವರ ಬದುಕಿನಿಂದ ವಸ್ತು, ಜನ ನಿಜವಾಗಿ ಆಡುವ ಮಾತಿನಿಂದ ಆರಿಸಿದ ಭಾಷೆ, ಕವಿ ಯಾರು, ಛಂದಸ್ಸು ಏಕೆ ಬೇಕು, 1817ರ 'ಬಯಾಗ್ರಫಿಯಾ ಲಿಟರೇರಿಯಾ' ಪುಸ್ತಕದಲ್ಲಿ ಕೋಲ್‌ರಿಜ್ ಎತ್ತಿದ ಆಕ್ಷೇಪ. ಐದು ಅಂಶ, ಒಂದೊಂದಕ್ಕೂ ಪಾಠದಲ್ಲಿ ಎಲ್ಲಿದೆ ಎಂಬ ಪುಟ. ವಾಕ್ಯ ಕಟ್ಟುವ ಕೆಲಸ ಅವರವರದು. ಕಾಲೇಜಿಗೆ ಒಪ್ಪಿಸುವ ಅಸೈನ್‌ಮೆಂಟಿಗೆ ಈ ಡಾಕಿನಿಂದ ಎತ್ತಬಾರದೆಂದೂ ನಾನು ಹೇಳಿದೆ. "ಅದು ಎಲ್ಲರಿಗೂ ಗೊತ್ತು ಅತ್ತೆ" ಎಂದು ಸಂದೇಶದಲ್ಲಿ ಸೇರಿಸಲಿಲ್ಲ. ಇರಲಿ.

ಫೋಟೋ ಬೇಡವೆಂಬುದಕ್ಕೆ ಎರಡು ಕಾರಣ. ಪುಟಗಳ ಫೋಟೋ ತುಂಬಿದರೆ ಕಡಿಮೆ ಬೆಲೆಯ ಫೋನುಗಳಲ್ಲಿ ಡಾಕ್ ತೆರೆಯುವುದೇ ಕಷ್ಟ, ರೈಲಿನಲ್ಲಂತೂ ಸುತ್ತುತ್ತಲೇ ಇರುತ್ತದೆ. ಅದಕ್ಕಿಂತ, ಫೋಟೋದೊಳಗಿನ ಪದವನ್ನು ಹುಡುಕಲಾಗದು, ತಿದ್ದಲಾಗದು, ಸಲಹೆ ಹಾಕಲಾಗದು. ಹಾಕಿದವರಿಗೆ ಮಾತ್ರ ಸುಲಭ.

ನಿಲ್ಲಿಸುವ ಗಂಟೆಯ ಬಗ್ಗೆ ಬಹಳ ವಾದವಾಯಿತು. ಗುರುವಾರ ಬೇಡ, ಭಾನುವಾರ ರಾತ್ರಿಯವರೆಗೂ ಇರಲಿ ಎಂದವರೇ ಹೆಚ್ಚು. ಹಳೆಯ ಡಾಕಿನ Version history ತೆಗೆದು ನೋಡಿ ಎಂದೆ. ಇಂಟರ್ನಲ್ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದರಿಂದ ಎರಡರವರೆಗೆ ಏಳು ಪುಟ ಸೇರಿತ್ತು! ಅದರಲ್ಲಿ ನಾಲ್ಕು ಪುಟ ಮೊದಲೇ ಇದ್ದದ್ದರ ಪುನರಾವರ್ತನೆ. ನಿದ್ದೆಗಣ್ಣಿನಲ್ಲಿ ಯಾರೂ ಮೇಲೆ ಹೋಗಿ ಹುಡುಕುವುದಿಲ್ಲ, ಕೊನೆಗೆ ಅಂಟಿಸಿ ಹೋಗುತ್ತಾರೆ. ಆ ಏಳು ಪುಟವನ್ನು ಬರೆದವರನ್ನು ಬಿಟ್ಟು ಬೇರೆ ಯಾರೂ ಓದಿ ನೋಡಿರುವುದಿಲ್ಲ. ಓದುವವರಿಗೆ ಬೆಳಗ್ಗೆ ಎದ್ದು ನೋಡಿದರೆ ಹೊಸ ಪುಟಗಳು, ಎದೆ ಧಸಕ್ಕೆನ್ನುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ಗುರುವಾರಕ್ಕೆ ಒಪ್ಪಿದರು. ಮುಚ್ಚುವುದೆಂದರೆ Share ಪುಟದಲ್ಲಿ ಎಲ್ಲರ ಸ್ಥಾನವನ್ನೂ Viewer ಮಾಡುವುದು; ಕಾವಲಿನ ಹತ್ತು ಮಂದಿಯದನ್ನೂ ಮರೆಯದೆ ಮಾಡಬೇಕು. ಅದಕ್ಕೆ ಮುಂಚೆ ಉಳಿದ ಸಲಹೆಗಳನ್ನೆಲ್ಲ ಒಪ್ಪಿಯೋ ತಳ್ಳಿಯೋ ಮುಗಿಸಬೇಕು, ಇಲ್ಲದಿದ್ದರೆ ಯಾವುದು ಕೊನೆಯ ಮಾತು ಎಂದು ಓದುವವರಿಗೆ ತಿಳಿಯದು. ಆ ದಿನದ ಪ್ರತಿಗೆ Version history ಒಳಗೆ ಒಂದು ಹೆಸರು ಕೊಟ್ಟಿಟ್ಟರೆ ಮುಂದೆ ಹುಡುಕಲು ಸುಲಭ.

ಪಿ.ಡಿ.ಎಫ್. ಮತ್ತು ಅಚ್ಚಿನ ಹತ್ತು ಪ್ರತಿ ಯಾಕೆ ಎಂದು ನಿಮ್ಮಲ್ಲಿ ಕೇಳುವವರಿಲ್ಲ ಎಂದುಕೊಂಡಿದ್ದೇನೆ. 2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಚಂಡಮಾರುತ ನಿಮಗೆಲ್ಲ ನೆನಪಿದೆಯಲ್ಲ? ಮದರಾಸಿನ ಎಷ್ಟೋ ಭಾಗಗಳಲ್ಲಿ ದಿನಗಟ್ಟಲೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಎಣ್ಣೂರಿನವರ ಪಾಡಂತೂ ಕೇಳಬೇಡಿ, ನೆರೆಯ ಜೊತೆಗೆ ಅಳಿವೆಗೆ ಎಣ್ಣೆಯೂ ಹರಿದು ಬಂದು ಮೀನುಗಾರರ ದೋಣಿ, ಬಲೆಗಳೆಲ್ಲ ಕಪ್ಪಾದವು. ನಮ್ಮ ಸೆಮಿಸ್ಟರ್ ಪರೀಕ್ಷೆಗಳು ಬರುವುದು ಸರಿಯಾಗಿ ಈ ಮಳೆಗಾಲದಲ್ಲೇ. ಇಂಟರ್ನೆಟ್ಟಿನಲ್ಲಿ ಮಾತ್ರ ಇರುವ ನೋಟ್ಸ್ ಇಂಥ ದಿನ ಇದ್ದೂ ಇಲ್ಲದಂತೆ. ಫೋನಿನಲ್ಲಿ ಇಳಿಸಿಟ್ಟುಕೊಂಡ ಪಿ.ಡಿ.ಎಫ್. ಚಾರ್ಜ್ ಇರುವವರೆಗೆ ಸಿಗುತ್ತದೆ, ಕಾಗದ ಮೇಣದಬತ್ತಿಯ ಬೆಳಕಿನಲ್ಲೂ ಸಿಗುತ್ತದೆ. ಪೊನ್ನೇರಿಯ ಹುಡುಗಿಯಂಥವರಿಗೆ ಮಳೆ ಇಲ್ಲದ ದಿನವೂ ಕಾಗದವೇ ಬೇಕು. ಪ್ರತಿಯ ಮೊದಲ ಪುಟದಲ್ಲಿ ಮುಚ್ಚಿದ ದಿನಾಂಕ ದೊಡ್ಡದಾಗಿ ಇರಬೇಕು, ಹಳೆಯದೂ ಹೊಸದೂ ಬೆರೆಯದ ಹಾಗೆ. ಹತ್ತು ಪ್ರತಿಯ ಖರ್ಚನ್ನು ನಲವತ್ತೆರಡು ಮಂದಿ ಹಂಚಿಕೊಂಡರು.

ಮುಚ್ಚಿದ ಮೇಲೆ ತಪ್ಪು ಸಿಗಲಿಲ್ಲವೆಂದಲ್ಲ, ಎರಡು ಸಿಕ್ಕಿತು. ಒಂದು, ಕಾದಂಬರಿಯ ಯೂನಿಟ್‌ನಲ್ಲಿ ಪಾತ್ರವೊಂದರ ಹೆಸರು ಅದಲುಬದಲಾಗಿತ್ತು. ಭಾನುವಾರ ಮಧ್ಯಾಹ್ನ "ತಿದ್ದುಪಡಿ, ಪುಟ 31" ಎಂದು ಗುಂಪಿಗೆ ಹೋಯಿತು. ಅಚ್ಚಿನ ಪ್ರತಿ ಪಡೆದವರಲ್ಲಿ ಫೋನಿಲ್ಲದ ಇಬ್ಬರಿಗೆ ಪಕ್ಕದ ಮನೆಯವರ ನಂಬರಿಗೆ ಕರೆ ಮಾಡಿ ಹೇಳಿದರು. ಆ ಇಬ್ಬರ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡದ್ದು ತಿರುವೊತ್ತಿಯೂರಿನ ಹುಡುಗ.

ಪರೀಕ್ಷೆ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಡಾಕ್ ಯಾರ ಖಾತೆಯಲ್ಲಿ ಹುಟ್ಟಿತೋ ಅವರದು. ಅವರು ಅದನ್ನು ಅಳಿಸಿದರೆ ಕಸದ ಬುಟ್ಟಿಯಲ್ಲಿ 30 ದಿನ ಇದ್ದು, ಆಮೇಲೆ ಎಲ್ಲರ ಪಾಲಿಗೂ ಇಲ್ಲವಾಗುತ್ತದೆ. ಕಾಲೇಜು ಕೊಟ್ಟ ಇ-ಮೇಲಿನಲ್ಲಿ ತೆರೆದಿದ್ದರೆ, ಓದು ಮುಗಿದು ಆ ಖಾತೆ ಮುಚ್ಚಿದಾಗಲೂ ಹೀಗಾಗಬಹುದು. ಹಾಗಾಗಿ ಸ್ವಂತ ಜೀಮೇಲಿನಲ್ಲಿ ತೆರೆಯಿರಿ, ಇನ್ನಿಬ್ಬರ ಹತ್ತಿರ ಒಂದೊಂದು ನಕಲು ಇರಲಿ. ಮುಂದಿನ ವರ್ಷದವರಿಗೆ ಕೊಡುವುದಾದರೆ ಕಾವಲಿನವರ ಹೆಸರು, ಕಾಮೆಂಟುಗಳು, ಊಹೆಯ ಪ್ರಶ್ನೆಗಳ ಪುಟ ಇವನ್ನು ತೆಗೆದು ಕೊಡಿ. ಪುಟಸಂಖ್ಯೆಗಳನ್ನು ಮಾತ್ರ ಬಿಡಿ. ಪಠ್ಯಪುಸ್ತಕ ಬದಲಾಗಿದ್ದರೆ ಅವರು ಅದರಿಂದಲೇ ತಿಳಿದುಕೊಳ್ಳುತ್ತಾರೆ.

ನಮ್ಮ ಹುಡುಗಿ ಕಳಿಸಿದ ಮೂಲ ಇಂಗ್ಲಿಷ್ ಸಂದೇಶ ಬೇಕಾದವರು ತಿಂಗಳ ಎರಡನೆಯ ಭಾನುವಾರ ಸಂಘಕ್ಕೆ ಬನ್ನಿ, ಕೊಡುತ್ತೇನೆ. ಪರೀಕ್ಷೆ ಇದೆ ಎಂಬ ನೆಪ ಆ ದಿನ ನಡೆಯುವುದಿಲ್ಲ.